ತುಮಕೂರಿನ ಎರಡು ಕಂಪನಿ, ಒಂದೇ ಆಫೀಸು: ಖರ್ಚು ಹಂಚುವುದು ಹೇಗೆ?

ಒಂದೇ ಗ್ರೂಪಿನ ಎರಡು ಕಂಪನಿ: ಕಾರ್ಖಾನೆ ವಸಂತನರಸಾಪುರದಲ್ಲಿ, ಮಾರಾಟದ ಕಂಪನಿ ತುಮಕೂರು ಪೇಟೆಯಲ್ಲಿ. ಎರಡಕ್ಕೂ ಒಂದೇ ಆಫೀಸು ಲೆಕ್ಕ, ಸಂಬಳ ನೋಡುತ್ತದೆ. ತಿಂಗಳ ಖರ್ಚು 3 ಲಕ್ಷ ಅಂದುಕೊಳ್ಳಿ.

ವಹಿವಾಟಿನ ಮೇಲೆ ಹಂಚುವುದು ಸುಲಭ. ಮಾರಾಟ ಕಂಪನಿಯದು 9 ಕೋಟಿ, ಕಾರ್ಖಾನೆಯದು 3 ಕೋಟಿ ಆದರೆ ಆಫೀಸು ಅವಕ್ಕೆ ಕೊಡುವ ಇನ್‌ವಾಯ್ಸ್ ಕ್ರಮವಾಗಿ 2.25 ಲಕ್ಷ ಮತ್ತು 75 ಸಾವಿರ. ಆದರೆ ಸಂಬಳದ ಕೆಲಸ ಜಾಸ್ತಿ ಇರುವುದು ಕಾರ್ಖಾನೆಯಲ್ಲಿ, ಅಲ್ವಾ? ಅಲ್ಲಿ 100 ಜನ, ಮಾರಾಟ ಕಂಪನಿಯಲ್ಲಿ 20. ತಲೆ ಲೆಕ್ಕದಲ್ಲಿ ಕಾರ್ಖಾನೆಗೇ 2.5 ಲಕ್ಷ ಬೀಳುತ್ತದೆ. ಗುತ್ತಿಗೆ ಕಾರ್ಮಿಕರನ್ನು ಎಣಿಸಬೇಕೇ ಎಂದು ಮೊದಲೇ ಬರೆದಿಡಿ, ಜಗಳ ಹುಟ್ಟುವುದೇ ಅಲ್ಲಿ.

ಆಫೀಸಿನ ಕೆಲಸ ಬಹುಪಾಲು ಸಂಬಳ, ಹಾಜರಿಯದ್ದಾದರೆ ತಲೆ ಲೆಕ್ಕ ಸರಿ. ಲೆಕ್ಕಪತ್ರದ ಕೆಲಸವೇ ಹೆಚ್ಚಿದ್ದರೆ ವೋಚರ್ ಸಂಖ್ಯೆ ನನಗೆ ವಹಿವಾಟಿಗಿಂತ ನ್ಯಾಯವಾಗಿ ಕಾಣುತ್ತದೆ. ಎರಡೂ ಇದ್ದರೆ ಖರ್ಚನ್ನೇ ಎರಡು ಭಾಗ ಮಾಡಿ, ಸಂಬಳದ ಭಾಗವನ್ನು ತಲೆ ಲೆಕ್ಕದಲ್ಲಿ, ಲೆಕ್ಕಪತ್ರದ ಭಾಗವನ್ನು ವೋಚರ್ ಲೆಕ್ಕದಲ್ಲಿ ಹಂಚಿ. ಎರಡೂ ಕಂಪನಿಗಳ ವ್ಯವಹಾರ ಒಂದೇ ಬಗೆಯದಾದರೆ ಮಾತ್ರ ವಹಿವಾಟು ಸಾಕು.

ಜಿಎಸ್‌ಟಿಯನ್ನು ಮರೆಯಬೇಡಿ. ಆಫೀಸಿನ ಸೇವೆ ಪಡೆಯುವ ಕಂಪನಿಗೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವುದಾದರೆ ಇನ್‌ವಾಯ್ಸ್ ಮೊತ್ತವನ್ನೇ ಮಾರುಕಟ್ಟೆ ಬೆಲೆ ಎಂದು ನಿಯಮ 28 ಒಪ್ಪುತ್ತದೆ. ತೆರಿಗೆ ವಿನಾಯಿತಿಯ ಸರಕು ಮಾರುವ ಕಂಪನಿಗೆ ಆ ಅನುಕೂಲವಿಲ್ಲ. ಅಲ್ಲಿ ಹಂಚಿಕೆಯ ಕಾಗದ ಗಟ್ಟಿಯಾಗಿರಲೇಬೇಕು.