ಬೈಸೆಕ್ಷನ್ ಮತ್ತು ರೆಗ್ಯುಲಾ ಫಾಲ್ಸಿ: ಗೆರೆ ಎಳೆಯುವ ವಿಧಾನ ಒಂದೇ ಬದಿಗೆ ಸಿಕ್ಕಿಕೊಳ್ಳುವುದೇಕೆ?

ಇಂಜಿನಿಯರಿಂಗ್ ಗಣಿತ ಓದಿದವರಿಗೆ ಈ ಲೆಕ್ಕ ನೆನಪಿರುತ್ತದೆ: x log10(x) = 1.2, ಮೂಲ 2 ಮತ್ತು 3ರ ನಡುವೆ ಇದೆ, ಕಂಡುಹಿಡಿಯಿರಿ. ರೆಗ್ಯುಲಾ ಫಾಲ್ಸಿ ಹಾಕಿದರೆ ಮೊದಲ ಹೆಜ್ಜೆಗೇ 2.7210 ಬರುತ್ತದೆ, ಎರಡನೆಯದಕ್ಕೆ 2.7402, ಮೂರನೆಯದಕ್ಕೆ 2.7406. ಅಲ್ಲಿಗೆ ಉತ್ತರ ಮುಗಿಯಿತು. ಬೈಸೆಕ್ಷನ್ ಅಷ್ಟೇ ಹೆಜ್ಜೆಗಳಲ್ಲಿ 2.5, 2.75, 2.625 ಅಂತ ಅತ್ತಿತ್ತ ಓಡಾಡುತ್ತಿರುತ್ತದೆ. ಇಷ್ಟನ್ನೇ ನೋಡಿದವರು ರೆಗ್ಯುಲಾ ಫಾಲ್ಸಿಯೇ ಮೇಲು ಅಂದುಕೊಳ್ಳುವುದು ಸಹಜ. ನಾನೂ ಎರಡನ್ನೂ ಪೈಥಾನ್‌ನಲ್ಲಿ ಬರೆದು ಅಕ್ಕಪಕ್ಕ ಓಡಿಸಿ ನೋಡಿದೆ. ಲೆಕ್ಕ ಬದಲಾದ ಕೂಡಲೇ ಫಲಿತಾಂಶ ಪೂರ್ತಿ ತಿರುಗಿಬಿತ್ತು.

ಎರಡರ ನಡುವಿನ ವ್ಯತ್ಯಾಸ ಒಂದೇ ಸಾಲು:

```python
c = (a + b) / 2                      # ಬೈಸೆಕ್ಷನ್
c = a - fa * (b - a) / (fb - fa)     # ರೆಗ್ಯುಲಾ ಫಾಲ್ಸಿ
```

ಉಳಿದದ್ದೆಲ್ಲ ಒಂದೇ. a, b ಎಂಬ ಎರಡು ತುದಿಗಳಲ್ಲಿ f ಬೆಲೆಗಳ, ಅಂದರೆ fa, fbಗಳ, ಚಿಹ್ನೆ ಬೇರೆ ಬೇರೆ ಇರಬೇಕು. c ಸಿಕ್ಕ ಮೇಲೆ, ಅಲ್ಲಿನ ಚಿಹ್ನೆ ಯಾವ ತುದಿಯದ್ದಕ್ಕೆ ಹೊಂದುತ್ತದೋ ಆ ತುದಿಯನ್ನು ತೆಗೆದು c ಇಡಬೇಕು. ಬೈಸೆಕ್ಷನ್ ನಟ್ಟನಡುವೆ ಕತ್ತರಿಸುತ್ತದೆ. ರೆಗ್ಯುಲಾ ಫಾಲ್ಸಿ ಎರಡೂ ತುದಿಗಳ ನಡುವೆ ಒಂದು ನೇರ ಗೆರೆ ಎಳೆದು, ಅದು x ಅಕ್ಷವನ್ನು ದಾಟುವಲ್ಲಿ ಕತ್ತರಿಸುತ್ತದೆ.

ಈಗ f(x) = x^10 - 1 ತಗೊಳ್ಳಿ. ವ್ಯಾಪ್ತಿ 0 ರಿಂದ 1.3. ಉತ್ತರ 1 ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಯಾರು ಎಷ್ಟು ಹತ್ತಿರ ಬಂದರು ಅಂತ ನೋಡುವುದು ಸುಲಭ.

```
ಹೆಜ್ಜೆ   ಬೈಸೆಕ್ಷನ್    ರೆಗ್ಯುಲಾ ಫಾಲ್ಸಿ
1        0.6500      0.0943
2        0.9750      0.1818
3        1.1375      0.2629
4        1.0563      0.3381
5        1.0156      0.4079
```

ಐದು ಹೆಜ್ಜೆ ಆದ ಮೇಲೆ ಬೈಸೆಕ್ಷನ್ ಶೇಕಡಾ 1.6ರಷ್ಟು ತಪ್ಪಿನಲ್ಲಿದೆ. ರೆಗ್ಯುಲಾ ಫಾಲ್ಸಿ ಇನ್ನೂ ಅರ್ಧ ದಾರಿಗೂ ಬಂದಿಲ್ಲ.

ಕಾರಣ ಆ ಗೆರೆಯಲ್ಲೇ ಇದೆ. ಎಡ ತುದಿಯಲ್ಲಿ f ಬೆಲೆ -1, ಬಲ ತುದಿಯಲ್ಲಿ 12.79. ಬಲಗಡೆ ಬೆಲೆ ಅಷ್ಟು ದೊಡ್ಡದಾದ್ದರಿಂದ ಗೆರೆ ಅಕ್ಷವನ್ನು ಎಡ ತುದಿಯ ಪಕ್ಕದಲ್ಲೇ ದಾಟುತ್ತದೆ. ಜೊತೆಗೆ ಈ ವಕ್ರರೇಖೆ ಪೂರ್ತಿ ಮೇಲಕ್ಕೆ ಬಾಗಿದೆ, ಅಂದರೆ ಎರಡು ಬಿಂದು ಸೇರಿಸುವ ಗೆರೆ ಯಾವಾಗಲೂ ವಕ್ರರೇಖೆಗಿಂತ ಮೇಲೇ ಇರುತ್ತದೆ. ಮೇಲಿರುವ ಗೆರೆ ಅಕ್ಷವನ್ನು ಮೂಲಕ್ಕಿಂತ ಮೊದಲೇ ದಾಟಲೇಬೇಕು. ಹಾಗಾಗಿ c ಪ್ರತಿ ಸಲವೂ 1ರ ಎಡಕ್ಕೇ ಬೀಳುತ್ತದೆ, ಪ್ರತಿ ಸಲವೂ ಎಡ ತುದಿಯೇ ಬದಲಾಗುತ್ತದೆ. ಬಲ ತುದಿ 1.3 ಕೊನೆಯವರೆಗೂ ಕದಲುವುದಿಲ್ಲ. ಎಷ್ಟು ಓಡಿಸಿದರೂ ವ್ಯಾಪ್ತಿಯ ಅಗಲ 0.3ಕ್ಕಿಂತ ಕಡಿಮೆ ಆಗುವುದೇ ಇಲ್ಲ.

ಹಾಗಾದರೆ ಒಂದು ತುದಿ ನಿಂತುಬಿಡುವುದೇ ರೋಗವಾ? ಅಲ್ಲ. ಮೊದಲ ಲೆಕ್ಕವನ್ನು ಮತ್ತೆ ನೋಡಿ. ಅಲ್ಲೂ ವಕ್ರರೇಖೆ ಅದೇ ರೀತಿ ಬಾಗಿದೆ, ಅಲ್ಲೂ ಬಲ ತುದಿ 3 ಒಮ್ಮೆಯೂ ಬದಲಾಗಲಿಲ್ಲ. ಆದರೂ ಮೂರೇ ಹೆಜ್ಜೆಗೆ ಉತ್ತರ ಬಂತು. ನೋಡಬೇಕಾದದ್ದು ಎರಡು ಇಳಿಜಾರುಗಳನ್ನು: ಮೂಲದ ಹತ್ತಿರ ವಕ್ರರೇಖೆಯ ಇಳಿಜಾರು ಎಷ್ಟು, ಮೂಲದಿಂದ ನಿಂತ ತುದಿಗೆ ಎಳೆದ ಗೆರೆಯ ಇಳಿಜಾರು ಎಷ್ಟು. ಲಾಗ್ ಲೆಕ್ಕದಲ್ಲಿ ಅವು 0.872 ಮತ್ತು 0.892, ಹೆಚ್ಚುಕಮ್ಮಿ ಒಂದೇ. ಹಾಗಾಗಿ ಪ್ರತಿ ಹೆಜ್ಜೆಗೂ ತಪ್ಪು ಸುಮಾರು 0.022 ಪಾಲಿಗೆ ಇಳಿಯುತ್ತದೆ. x^10 - 1ರಲ್ಲಿ ಅವು 10 ಮತ್ತು 42.6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 1ರಿಂದ ಕಳೆದರೆ 0.765 ಸಿಗುತ್ತದೆ. ಮೂಲಕ್ಕೆ ತೀರಾ ಹತ್ತಿರ ಬಂದ ಮೇಲೂ ಪ್ರತಿ ಹೆಜ್ಜೆಗೆ ತಪ್ಪಿನ 0.765 ಪಾಲು ಹಾಗೇ ಉಳಿಯುತ್ತದೆ ಅಂತ ಅರ್ಥ. ಬೈಸೆಕ್ಷನ್‌ನ ಅರ್ಧಕ್ಕಿಂತ ಇದು ಕೆಟ್ಟದು. ಆರು ದಶಾಂಶ ಸ್ಥಾನ ಬೇಕೆಂದರೆ ಬೈಸೆಕ್ಷನ್‌ಗೆ 21 ಹೆಜ್ಜೆ ಸಾಕು, ಇದಕ್ಕೆ 50 ದಾಟುತ್ತದೆ. ಪಠ್ಯದ ಲೆಕ್ಕಗಳಲ್ಲಿ ವ್ಯಾಪ್ತಿ ಚಿಕ್ಕದು, ವಕ್ರರೇಖೆ ಹೆಚ್ಚುಕಡಿಮೆ ನೇರ. ಅದಕ್ಕೇ ಈ ತೊಂದರೆ ತರಗತಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೈಸೆಕ್ಷನ್‌ನಲ್ಲೂ ಒಂದು ತುದಿ ಹಲವು ಸಲ ಹಾಗೇ ನಿಲ್ಲಬಹುದು, ಮೂಲ ಆ ತುದಿಯ ಹತ್ತಿರವೇ ಇದ್ದರೆ. ಆದರೆ ಇನ್ನೊಂದು ತುದಿ ಪ್ರತಿ ಸಲ ಅರ್ಧ ಅಗಲವನ್ನು ನುಂಗಿಕೊಂಡೇ ಬರುತ್ತದೆ. ಅದು ನೋಡುವುದು ಚಿಹ್ನೆಯನ್ನು ಮಾತ್ರ. f ಬೆಲೆ 12 ಇರಲಿ, 12 ಲಕ್ಷ ಇರಲಿ, ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲಿ ಅದಕ್ಕೆ ಮಾತಿಲ್ಲ. ಯಾವ ತುದಿ ಬದಲಾದರೂ ಅಗಲ ಅರ್ಧವಾಗಲೇಬೇಕು. ಸಿಕ್ಕಿಕೊಳ್ಳಲು ದಾರಿಯೇ ಇಲ್ಲ.

ನಿಧಾನ ಆಗುವುದಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಎಲ್ಲಿ ನಿಲ್ಲಿಸಬೇಕು ಅನ್ನುವ ಪರೀಕ್ಷೆ. ಬೈಸೆಕ್ಷನ್‌ನಲ್ಲಿ b - a ಸಾಕಷ್ಟು ಚಿಕ್ಕದಾಯಿತಾ ಅಂತ ಕೇಳಿದರೆ ಆಯಿತು. ಅದೇ ಸಾಲನ್ನು ರೆಗ್ಯುಲಾ ಫಾಲ್ಸಿಗೆ ಇಟ್ಟರೆ ಲೂಪ್ ಮುಗಿಯುವುದೇ ಇಲ್ಲ. ಸರಿ, ಹಿಂದಿನ c ಮತ್ತು ಈಗಿನ c ನಡುವಿನ ವ್ಯತ್ಯಾಸ ನೋಡೋಣ ಅಂದರೆ ಅದು ಸುಳ್ಳು ಹೇಳುತ್ತದೆ. ಇದೇ f ಇಟ್ಟುಕೊಂಡು ವ್ಯಾಪ್ತಿಯನ್ನು 0 ರಿಂದ 2 ಮಾಡಿ. f(2) = 1023. ಮೊದಲ c 0.00195, ಎರಡನೆಯದು 0.00390. ವ್ಯತ್ಯಾಸ 0.002ಕ್ಕಿಂತ ಕಡಿಮೆ! ಟಾಲರೆನ್ಸ್ 0.01 ಅಂತ ಇಟ್ಟಿದ್ದರೆ ಪ್ರೋಗ್ರಾಂ 0.0039 ಅನ್ನೇ ಉತ್ತರ ಅಂತ ಕೊಟ್ಟು ಮುಗಿಸುತ್ತದೆ. ಮುಂದುವರಿಸಿದರೂ 500 ಹೆಜ್ಜೆ ಆದ ಮೇಲೆ c ಇನ್ನೂ 0.8 ದಾಟಿರುವುದಿಲ್ಲ. (ಇಲ್ಲಿ ಬೈಸೆಕ್ಷನ್ ಮೊದಲ ಹೆಜ್ಜೆಗೇ ಸರಿಯಾಗಿ 1ಕ್ಕೆ ಬೀಳುತ್ತದೆ, ಅದು ಬರೀ ಅದೃಷ್ಟ, ಲೆಕ್ಕಕ್ಕೆ ತಗೊಳ್ಳಬೇಡಿ.) ಪತ್ತೆ ಮಾಡುವುದು ಸುಲಭ: ಪ್ರತಿ ಹೆಜ್ಜೆಗೂ a, b ಎರಡನ್ನೂ ಪ್ರಿಂಟ್ ಮಾಡಿ. ಒಂದು ಕಾಲಂ ಕದಲದೆ ನಿಂತು, ಇನ್ನೊಂದು ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದರೆ ಇದೇ ತೊಂದರೆ.

ಇದಕ್ಕೆ ಇಲಿನಾಯ್ ವಿಧಾನ ಅನ್ನುವ ಚೆಂದದ ಪರಿಹಾರ ಇದೆ. ಒಂದೇ ಬದಿ ಸತತವಾಗಿ ಎರಡು ಸಲ ಬದಲಾದರೆ, ನಿಂತ ತುದಿಯ f ಬೆಲೆಯನ್ನು ಸುಮ್ನೆ ಅರ್ಧ ಮಾಡಿಬಿಡುವುದು. ತುದಿ ಅಲ್ಲೇ ಇರುತ್ತದೆ, ಅದರ ತೂಕ ಮಾತ್ರ ಇಳಿಯುತ್ತದೆ.

```python
if fa * fc < 0:
    b, fb = c, fc
    if side == 1: fa /= 2
    side = 1
else:
    a, fa = c, fc
    if side == -1: fb /= 2
    side = -1
```

side ಮೊದಲಿಗೆ 0. ಅದೇ 0 ರಿಂದ 1.3 ವ್ಯಾಪ್ತಿಯಲ್ಲಿ ಇದನ್ನು ಹಾಕಿದರೆ c ಬೆಲೆಗಳು 0.094, 0.182, 0.333, 0.563, 0.846, ಆರನೆಯದು 1.075. ಗಮನಿಸಿ, ಮೊದಲ ಬಾರಿಗೆ c ಮೂಲವನ್ನು ದಾಟಿ ಬಲಕ್ಕೆ ಬಿತ್ತು. ಅಷ್ಟು ಹೊತ್ತು ಕದಲದ 1.3 ಕೊನೆಗೂ ಹೋಯಿತು. ಅಲ್ಲಿಂದ ಮುಂದೆ 0.945, 0.983 ಅಂತ ಬೇಗ ಹತ್ತಿರವಾಗುತ್ತದೆ.

ನನ್ನ ಆಯ್ಕೆ ಹೀಗಿದೆ. ಸಾದಾ ರೆಗ್ಯುಲಾ ಫಾಲ್ಸಿಯನ್ನು ಪರೀಕ್ಷೆಯಲ್ಲಿ ಕೈಯಲ್ಲಿ ಮಾಡುವ ಲೆಕ್ಕಕ್ಕೆ ಬಿಟ್ಟರೆ ಕೋಡ್‌ನಲ್ಲಿ ಬಳಸುವುದಿಲ್ಲ. f ಲೆಕ್ಕ ಹಾಕುವುದಕ್ಕೇ ಜಾಸ್ತಿ ಸಮಯ ಹಿಡಿಯುವಾಗ ಇಲಿನಾಯ್ ಹಾಕುತ್ತೇನೆ. f ಬೆಲೆಗಳ ಗಾತ್ರವನ್ನು ನಂಬುವ ಹಾಗಿಲ್ಲ, ಚಿಹ್ನೆ ಮಾತ್ರ ಸರಿ ಇರುತ್ತದೆ ಅನ್ನುವಾಗ ಬೈಸೆಕ್ಷನ್. ಅಲ್ಲಿ ಎಷ್ಟು ಹೆಜ್ಜೆ ಬೇಕು ಅಂತ ಓಡಿಸುವ ಮೊದಲೇ ಬರೆದಿಡಬಹುದು.