ಮಲ್ಟಿಕೊಲಿನಿಯಾರಿಟಿಗೆ ನಾಲ್ಕು ಮದ್ದು: ಲಾಂಗ್ಲಿ ದತ್ತಾಂಶದ ಮೇಲೆ ಒಂದು ಹೋಲಿಕೆ

ಜಿಎನ್‌ಪಿ ಒಂದು ಬಿಲಿಯನ್ ಡಾಲರ್ ಏರಿದರೆ ಅಮೆರಿಕದಲ್ಲಿ ಸುಮಾರು 40,800 ಜನರಿಗೆ ಹೊಸದಾಗಿ ಕೆಲಸ ಸಿಗುತ್ತದೆ ಎನ್ನುತ್ತದೆ ಒಂದು ಮಾಡೆಲ್. ಅದೇ ಒಂದು ಬಿಲಿಯನ್‌ಗೆ ಸುಮಾರು 40,200 ಜನರ ಕೆಲಸ ಹೋಗುತ್ತದೆ ಎನ್ನುತ್ತದೆ ಇನ್ನೊಂದು. ಎರಡಕ್ಕೂ ಆಧಾರ ಒಂದೇ ಹದಿನಾರು ಸಾಲುಗಳ ದತ್ತಾಂಶ. ಎರಡೂ ಗುಣಾಂಕಗಳ ಪಿ-ಮೌಲ್ಯ 0.05ಕ್ಕಿಂತ ಕಡಿಮೆ. ಎರಡರ ಆರ್-ಸ್ಕ್ವೇರ್ ಕೂಡ 0.98ಕ್ಕಿಂತ ಮೇಲೆ.

ಜೇಮ್ಸ್ ಲಾಂಗ್ಲಿ 1967ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್‌ನ ಜರ್ನಲ್‌ನಲ್ಲಿ ಪ್ರಕಟಿಸಿದ ದತ್ತಾಂಶ ಇದು. ಆಗಿನ ಕಂಪ್ಯೂಟರ್ ಪ್ರೋಗ್ರಾಂಗಳು ರಿಗ್ರೆಷನ್ ಲೆಕ್ಕವನ್ನು ಎಷ್ಟು ಸರಿಯಾಗಿ ಮಾಡುತ್ತವೆ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. 1947ರಿಂದ 1962ರವರೆಗಿನ ಅಮೆರಿಕದ ಉದ್ಯೋಗಸ್ಥರ ಸಂಖ್ಯೆಯನ್ನು ಆರು ಚರಗಳಿಂದ ವಿವರಿಸಬೇಕು: ಬೆಲೆ ಸೂಚ್ಯಂಕ, ಜಿಎನ್‌ಪಿ, ನಿರುದ್ಯೋಗಿಗಳು, ಸೇನೆಯಲ್ಲಿರುವವರು, ಜನಸಂಖ್ಯೆ ಮತ್ತು ವರ್ಷ. ಯುದ್ಧಾನಂತರದ ಆ ವರ್ಷಗಳಲ್ಲಿ ಬೆಲೆ, ಜಿಎನ್‌ಪಿ, ಜನಸಂಖ್ಯೆ ಎಲ್ಲವೂ ಕ್ಯಾಲೆಂಡರಿನ ಜೊತೆಜೊತೆಗೇ ಏರಿದವು. ಹಾಗಾಗಿ ಮಲ್ಟಿಕೊಲಿನಿಯಾರಿಟಿಯನ್ನು, ಅಂದರೆ ವಿವರಿಸುವ ಚರಗಳೇ ಒಂದಕ್ಕೊಂದು ಅಂಟಿಕೊಂಡು ಸಾಗುವುದನ್ನು, ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಣ ಸಿಗುವುದು ಕಷ್ಟ. ಆರ್ ಭಾಷೆಯಲ್ಲಿ ಈ ದತ್ತಾಂಶ ಮೊದಲಿನಿಂದಲೂ ಸೇರಿಕೊಂಡೇ ಬರುತ್ತದೆ. ಜನ ಸಾಮಾನ್ಯವಾಗಿ ಹಿಡಿಯುವ ನಾಲ್ಕು ದಾರಿಗಳನ್ನು ಅದರ ಮೇಲೆ ಓಡಿಸಿ ನೋಡಿದೆ.

```r
m1 <- lm(Employed ~ ., data = longley)
car::vif(m1)
m2 <- step(m1)
m3 <- lm(Employed ~ GNP + Unemployed + Armed.Forces, data = longley)
m4 <- MASS::lm.ridge(Employed ~ ., longley, lambda = 0.03)
```

ಹೋಲಿಕೆಗೆ ಮೊದಲು ವಿಐಎಫ್, ಅಂದರೆ ವೇರಿಯನ್ಸ್ ಇನ್‌ಫ್ಲೇಷನ್ ಫ್ಯಾಕ್ಟರ್, ಏನನ್ನು ಅಳೆಯುತ್ತದೆ ಎಂಬುದು ಗೊತ್ತಿರಬೇಕು. ಒಂದು ಚರವನ್ನು ತೆಗೆದುಕೊಂಡು, ಉಳಿದ ಚರಗಳಿಂದಲೇ ಅದನ್ನು ಊಹಿಸುವ ರಿಗ್ರೆಷನ್ ಮಾಡಿ. ಆಗ ಬರುವ ಆರ್-ಸ್ಕ್ವೇರ್ ಅನ್ನು `1 / (1 - R²)` ಸೂತ್ರದಲ್ಲಿ ಹಾಕಿದರೆ ಆ ಚರದ ವಿಐಎಫ್ ಸಿಗುತ್ತದೆ. ಉದ್ಯೋಗಸ್ಥರ ಸಂಖ್ಯೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಒಂದು ಚರದ ಬಗ್ಗೆ ಉಳಿದ ಚರಗಳಿಗೆ ಎಷ್ಟು ಮೊದಲೇ ಗೊತ್ತಿದೆ ಎಂಬುದಷ್ಟೇ ಅದರ ಪ್ರಶ್ನೆ.

ಎರಡೇ ಚರಗಳಲ್ಲಿ ಇದನ್ನು ಕೈಯಾರೆ ತಾಳೆ ನೋಡಬಹುದು. ಜಿಎನ್‌ಪಿ ಒಂದನ್ನೇ ಇಟ್ಟರೆ ಗುಣಾಂಕ 0.0348, ಅದರ ಸ್ಟ್ಯಾಂಡರ್ಡ್ ಎರರ್ 0.00171. ಪಕ್ಕಕ್ಕೆ ಜನಸಂಖ್ಯೆಯನ್ನು ಸೇರಿಸಿದರೆ ಗುಣಾಂಕ 0.0632ಕ್ಕೆ, ಸ್ಟ್ಯಾಂಡರ್ಡ್ ಎರರ್ 0.01065ಕ್ಕೆ ಏರುತ್ತದೆ. ಈ ಎರಡು ಚರಗಳ ನಡುವಿನ ಸಹಸಂಬಂಧ 0.991, ಆದ್ದರಿಂದ ವಿಐಎಫ್ ಸುಮಾರು 56, ಅದರ ವರ್ಗಮೂಲ 7.5. ಅಂದರೆ ಸ್ಟ್ಯಾಂಡರ್ಡ್ ಎರರ್ ಏಳೂವರೆ ಪಟ್ಟು ಉಬ್ಬಬೇಕಿತ್ತು. ಆದರೆ ಜನಸಂಖ್ಯೆ ಸೇರಿದ್ದರಿಂದ ಮಾಡೆಲ್ ವಿವರಿಸಲಾಗದೆ ಬಿಟ್ಟ ಶೇಷವೂ 0.657ರಿಂದ 0.546ಕ್ಕೆ ಇಳಿದಿದೆ. ಎರಡನ್ನೂ ಸೇರಿಸಿ ನೋಡಿದರೆ ನಿಜವಾದ ಏರಿಕೆ ಸುಮಾರು 6.2 ಪಟ್ಟು. 0.00171 ಅನ್ನು 6.2ರಿಂದ ಗುಣಿಸಿದರೆ ಹೆಚ್ಚುಕಡಿಮೆ 0.0106 ಬರುತ್ತದೆ; ಲೆಕ್ಕ ಸರಿಹೋಯಿತು. ಇದೇ ಮಾಡೆಲ್‌ನಲ್ಲಿ ಜನಸಂಖ್ಯೆಯ ಗುಣಾಂಕ −0.41. ಹತ್ತು ಲಕ್ಷ ಜನ ಹೆಚ್ಚಾದರೆ ಉದ್ಯೋಗಸ್ಥರು ನಾಲ್ಕು ಲಕ್ಷ ಕಡಿಮೆಯಾಗುತ್ತಾರೆ ಎಂದು ಇದನ್ನು ಓದಿದರೆ ಅರ್ಥವೇ ಕೂಡುವುದಿಲ್ಲ. ಒಟ್ಟಿಗೇ ಏರುವ ಎರಡು ಚರಗಳಲ್ಲಿ ಒಂದರ ಗುಣಾಂಕ ಮೇಲೆ ಹೋದರೆ, ಅದನ್ನು ಸರಿದೂಗಿಸಲು ಇನ್ನೊಂದು ಕೆಳಗಿಳಿಯುತ್ತದೆ.

ಮೊದಲ ದಾರಿ: ಆರೂ ಚರ ಹಾಗೇ ಇರಲಿ

ಆರ್-ಸ್ಕ್ವೇರ್ 0.9955. ವಿಐಎಫ್ ಮಾತ್ರ ದಂಗುಬಡಿಸುತ್ತದೆ: ಜಿಎನ್‌ಪಿಗೆ 1788, ವರ್ಷಕ್ಕೆ 759, ಜನಸಂಖ್ಯೆಗೆ 399, ಬೆಲೆ ಸೂಚ್ಯಂಕಕ್ಕೆ 136, ನಿರುದ್ಯೋಗಿಗಳಿಗೆ 34. ಸೇನೆಗೆ ಮಾತ್ರ 3.6. ಹತ್ತು ದಾಟಿದರೆ ಎಚ್ಚರ ಎಂಬ ರೂಢಿಯ ಗೆರೆಯನ್ನು ಐದು ಚರಗಳು ಎಂದೋ ದಾಟಿ ಹೋಗಿವೆ. ಜಿಎನ್‌ಪಿಯ ಗುಣಾಂಕ −0.036, ಸ್ಟ್ಯಾಂಡರ್ಡ್ ಎರರ್ 0.033. ಸೊನ್ನೆಯಿಂದ ಬೇರ್ಪಡಿಸಿ ಹೇಳುವಂತಿಲ್ಲ.

1788 ಎಂಬ ಸಂಖ್ಯೆಯ ಅರ್ಥ ಹತ್ತಿರದಿಂದ ನೋಡಿದಾಗ ತಿಳಿಯುತ್ತದೆ. ಆ ವರ್ಷಗಳಲ್ಲಿ ಜಿಎನ್‌ಪಿ 234 ಬಿಲಿಯನ್‌ನಿಂದ 555 ಬಿಲಿಯನ್‌ಗೆ ಬೆಳೆಯಿತು, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 99 ಬಿಲಿಯನ್. ಉಳಿದ ಐದು ಚರಗಳು ಹೇಳಬಲ್ಲದ್ದನ್ನೆಲ್ಲ ಕಳೆದ ಮೇಲೆ ಉಳಿಯುವ ಏರಿಳಿತ 99ನ್ನು 1788ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 2.3 ಬಿಲಿಯನ್. ‘ಉಳಿದದ್ದೆಲ್ಲ ಹಾಗೇ ಇದ್ದು ಜಿಎನ್‌ಪಿ ಮಾತ್ರ ಏರಿದರೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ಉತ್ತರಿಸಲು ಮಾಡೆಲ್‌ನ ಕೈಯಲ್ಲಿ ಇರುವುದು ಈ ಪುಟ್ಟ ಏರಿಳಿತ ಮಾತ್ರ.

ಆದರೂ ಈ ಮಾಡೆಲ್ ಅಪ್ರಾಮಾಣಿಕವಲ್ಲ. ತನಗೆ ಗೊತ್ತಿಲ್ಲದ್ದನ್ನು ದೊಡ್ಡ ಸ್ಟ್ಯಾಂಡರ್ಡ್ ಎರರ್ ಮೂಲಕ ಒಪ್ಪಿಕೊಳ್ಳುತ್ತಿದೆ. ವಿಐಎಫ್ 34 ಇದ್ದರೂ ನಿರುದ್ಯೋಗಿಗಳ ಗುಣಾಂಕದ ಟಿ-ಮೌಲ್ಯ −4.1 ಬಂದಿದೆ. ವಿಐಎಫ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಚರವನ್ನು ಕಿತ್ತೊಗೆಯುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಎರಡನೆಯ ದಾರಿ: ಎಐಸಿ ನೋಡಿ ಚರ ತೆಗೆಯುವುದು

`step` ಓಡಿಸಿದರೆ ಬೆಲೆ ಸೂಚ್ಯಂಕ ಮೊದಲು, ಜನಸಂಖ್ಯೆ ನಂತರ ಹೊರಗೆ ಹೋಗುತ್ತವೆ. ಉಳಿಯುವುದು ಜಿಎನ್‌ಪಿ, ನಿರುದ್ಯೋಗಿಗಳು, ಸೇನೆ, ವರ್ಷ. ಆರ್-ಸ್ಕ್ವೇರ್ 0.9954, ಕಳೆದುಕೊಂಡದ್ದು ಏನೂ ಇಲ್ಲ. ನಾಲ್ಕೂ ಚರಗಳ ಮುಂದೆ ನಕ್ಷತ್ರ ಚಿಹ್ನೆ ಬೀಳುತ್ತದೆ. ಫಲಿತಾಂಶದ ಪಟ್ಟಿ ನೋಡಿದರೆ ಸಮಸ್ಯೆ ಬಗೆಹರಿದಂತೆಯೇ ಕಾಣುತ್ತದೆ.

ನಾಲ್ಕು ದಾರಿಗಳಲ್ಲಿ ನನಗೆ ಹೆಚ್ಚು ಅಪಾಯಕಾರಿ ಅನಿಸಿದ್ದು ಇದೇ. ಜಿಎನ್‌ಪಿಯ ಗುಣಾಂಕ −0.0402, ಸ್ಟ್ಯಾಂಡರ್ಡ್ ಎರರ್ 0.0165, ಪಿ-ಮೌಲ್ಯ 0.033. ಮೇಲೆ ಹೇಳಿದ, 40,200 ಜನರ ಕೆಲಸ ಹೋಗುತ್ತದೆ ಎನ್ನುವ ಮಾಡೆಲ್ ಇದು. ವಿಐಎಫ್ ತೆಗೆದು ನೋಡಿದರೆ ಜಿಎನ್‌ಪಿಗೆ ಈಗಲೂ 515ರ ಸುಮಾರು, ವರ್ಷಕ್ಕೆ 348ರ ಸುಮಾರು. ಎಐಸಿ ತೂಗುವುದು ಉದ್ಯೋಗಸ್ಥರ ಸಂಖ್ಯೆಯನ್ನು ಮಾಡೆಲ್ ಎಷ್ಟು ಚೆನ್ನಾಗಿ ಹಿಡಿದಿದೆ, ಅದಕ್ಕೆ ಎಷ್ಟು ಚರ ಖರ್ಚಾಗಿದೆ ಎಂಬುದನ್ನು. ಚರಗಳು ಪರಸ್ಪರ ಎಷ್ಟು ಅಂಟಿಕೊಂಡಿವೆ ಎಂದು ಅದು ನೋಡುವುದೇ ಇಲ್ಲ. ಜಿಎನ್‌ಪಿಗೂ ವರ್ಷಕ್ಕೂ ಇರುವ 0.995 ಸಹಸಂಬಂಧ ಹಾಗೇ ಉಳಿದಿದೆ. ಮೊದಲ ಮಾಡೆಲ್ ಅನುಮಾನದಿಂದ ಹೇಳಿದ ವಿಚಿತ್ರ ಚಿಹ್ನೆಯನ್ನೇ ಇದು ಧೈರ್ಯದಿಂದ ಹೇಳುತ್ತಿದೆ.

ಲೆಕ್ಕದ ಮಟ್ಟಿಗೆ ಆ ಋಣ ಚಿಹ್ನೆ ತಪ್ಪೇನಲ್ಲ. ವರ್ಷವನ್ನು ಹಿಡಿದಿಟ್ಟ ಮೇಲೆ ಗುಣಾಂಕ ಹೇಳುವುದು ಜಿಎನ್‌ಪಿ ಬೆಳೆದರೆ ಏನಾಗುತ್ತದೆ ಎಂದಲ್ಲ. ತನ್ನ ನೇರ ಏರಿಕೆಯ ಗೆರೆಯಿಂದ ಅದು ತುಸು ಆಚೀಚೆಯಾದರೆ ಏನಾಗುತ್ತದೆ ಎಂದು. ಎರಡೂ ಬೇರೆ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರಿಸಲು ಹದಿನಾರು ಸಾಲುಗಳಲ್ಲಿ ಸಿಗುವ ಮಾಹಿತಿ ತೀರಾ ಕಡಿಮೆ.

ಮೂರನೆಯ ದಾರಿ: ಅರ್ಥ ನೋಡಿ ಚರ ಆರಿಸುವುದು

ಬೆಲೆ, ಜನಸಂಖ್ಯೆ, ವರ್ಷ ಮತ್ತು ಜಿಎನ್‌ಪಿ ಈ ದತ್ತಾಂಶದಲ್ಲಿ ಒಂದೇ ಬೆಳವಣಿಗೆಯನ್ನು ನಾಲ್ಕು ರೀತಿಯಲ್ಲಿ ಅಳೆಯುತ್ತಿವೆ. ಅವುಗಳ ಪ್ರತಿನಿಧಿಯಾಗಿ ಜಿಎನ್‌ಪಿಯನ್ನು ಇಟ್ಟುಕೊಂಡು, ಜೊತೆಗೆ ನಿರುದ್ಯೋಗಿಗಳು ಮತ್ತು ಸೇನೆಯನ್ನು ಸೇರಿಸಿದೆ. ವಿಐಎಫ್ ಕ್ರಮವಾಗಿ 3.1, 2.6, 2.1. ಜಿಎನ್‌ಪಿಯ ಗುಣಾಂಕ +0.0408, ಸ್ಟ್ಯಾಂಡರ್ಡ್ ಎರರ್ 0.0022. ನಿರುದ್ಯೋಗಿಗಳ ಗುಣಾಂಕದಲ್ಲೂ ಬದಲಾವಣೆ ಕಾಣುತ್ತದೆ. ಎಐಸಿ ಮಾಡೆಲ್‌ನಲ್ಲಿ ಹತ್ತು ಸಾವಿರ ನಿರುದ್ಯೋಗಿಗಳು ಹೆಚ್ಚಾದರೆ ಉದ್ಯೋಗಸ್ಥರು ಸುಮಾರು 20,900 ಕಡಿಮೆಯಾಗುತ್ತಿದ್ದರು. ಇಲ್ಲಿ ಸುಮಾರು 8,000. ಓದುಗರಿಗೆ ವಿವರಿಸಿ ಹೇಳಬಹುದಾದ ಸಂಖ್ಯೆ ಎರಡನೆಯದೇ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆರ್-ಸ್ಕ್ವೇರ್ 0.985ಕ್ಕೆ ಇಳಿಯಿತು. ಅದು ಸಣ್ಣದೆನಿಸಿದರೂ ಶೇಷದ ಸ್ಟ್ಯಾಂಡರ್ಡ್ ಎರರ್ 0.279ರಿಂದ 0.479ಕ್ಕೆ ಏರಿದೆ, ಅಂದರೆ ಮಾಡೆಲ್‌ನ ಸಾಮಾನ್ಯ ತಪ್ಪು 2.8 ಲಕ್ಷದಿಂದ 4.8 ಲಕ್ಷ ಜನಕ್ಕೆ ಹೋಗಿದೆ. ಸೇನೆಯ ಗುಣಾಂಕವೂ ದುರ್ಬಲವಾಗಿ, ಟಿ-ಮೌಲ್ಯ −1.9ಕ್ಕೆ ನಿಂತಿತು. ಎಲ್ಲಕ್ಕಿಂತ ಮುಖ್ಯವಾಗಿ, ಬಿಟ್ಟುಹೋದ ವರ್ಷದ ಪ್ರಭಾವವನ್ನೂ ಈಗ ಜಿಎನ್‌ಪಿಯೇ ಹೊತ್ತಿದೆ. ವರದಿಯಲ್ಲಿ ಬರೆಯುವಾಗ +0.0408 ಅನ್ನು ‘ಜಿಎನ್‌ಪಿಯ ಪರಿಣಾಮ’ ಎನ್ನಬಾರದು. ಜಿಎನ್‌ಪಿ ಮತ್ತು ಅದರ ಜೊತೆ ಸಾಗಿದ ಕಾಲದ ಬೆಳವಣಿಗೆ ಎರಡರ ಕೂಡು ಗುಣಾಂಕ ಎಂದೇ ಬರೆಯಬೇಕು.

ನಾಲ್ಕನೆಯ ದಾರಿ: ರಿಡ್ಜ್

ಹೋರ್ಲ್ ಮತ್ತು ಕೆನ್ನಾರ್ಡ್ 1970ರಲ್ಲಿ ಮುಂದಿಟ್ಟ ಉಪಾಯ ಇದು. ಯಾವ ಚರವನ್ನೂ ಬಿಡದೆ, ಗುಣಾಂಕಗಳು ಅತಿಯಾಗಿ ಬೆಳೆದರೆ ಲ್ಯಾಂಬ್ಡಾ ಎಂಬ ಸಂಖ್ಯೆಯ ಮೂಲಕ ದಂಡ ಹಾಕುತ್ತದೆ. ಎಲ್ಲ ಚರಗಳನ್ನೂ ಒಂದೇ ಅಳತೆಗೆ ತಂದು ನೋಡಿದಾಗ, ಸಾಮಾನ್ಯ ರಿಗ್ರೆಷನ್‌ನಲ್ಲಿ ಜಿಎನ್‌ಪಿಯ ಗುಣಾಂಕ −3.45, ವರ್ಷದ್ದು 8.43. ಲ್ಯಾಂಬ್ಡಾ 0.03 ಕೊಟ್ಟರೆ ಜಿಎನ್‌ಪಿ +0.77ಕ್ಕೆ ತಿರುಗುತ್ತದೆ, ವರ್ಷ 4.01ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ದಂಡಕ್ಕೆ ಚಿಹ್ನೆಯೇ ತಿರುಗಿತೆಂದರೆ, ಆ ಚಿಹ್ನೆಗಿದ್ದ ಆಧಾರ ಎಷ್ಟು ತೆಳ್ಳಗಿತ್ತು ಎಂಬುದು ಗೊತ್ತಾಗುತ್ತದೆ. ರಿಡ್ಜ್‌ನಿಂದ ನನಗೆ ಸಿಕ್ಕ ದೊಡ್ಡ ಪ್ರಯೋಜನವೇ ಈ ತಿಳಿವು.

ಆದರೆ ಗುಣಾಂಕವನ್ನು ಓದಿ ಅರ್ಥ ಹೇಳಬೇಕೆಂದರೆ ಇದು ಕೈಕೊಡುತ್ತದೆ. ಲ್ಯಾಂಬ್ಡಾ ಆರಿಸುವ ವಿಧಾನಗಳಲ್ಲೇ ಒಮ್ಮತವಿಲ್ಲ. ಜಿಸಿವಿ 0.003ರ ಆಸುಪಾಸನ್ನು ಸೂಚಿಸುತ್ತದೆ, ಅಲ್ಲಿ ಜಿಎನ್‌ಪಿ ಇನ್ನೂ ಋಣವೇ. ಎಲ್-ಡಬ್ಲ್ಯೂ ಅಂದಾಜು 0.032 ಎನ್ನುತ್ತದೆ, ಅಲ್ಲಿ ಧನ. ಜನಸಂಖ್ಯೆಯ ಗುಣಾಂಕವಂತೂ ದಂಡ ಬಿದ್ದ ಮೇಲೆ ಸೊನ್ನೆಯತ್ತ ಹೋಗುವ ಬದಲು −0.34ರಿಂದ −0.69ಕ್ಕೆ ಹೋಗಿದೆ. ರಿಡ್ಜ್ ಒಟ್ಟು ಮೊತ್ತವನ್ನು ಕುಗ್ಗಿಸುತ್ತದೆಯೇ ಹೊರತು ಒಂದೊಂದು ಗುಣಾಂಕವೂ ಕುಗ್ಗಲೇಬೇಕೆಂದಿಲ್ಲ.

ಗುಣಾಂಕಕ್ಕೆ ಅರ್ಥ ಹೇಳಬೇಕಾದ ಕೆಲಸವಾದರೆ ನಾನು ಮೂರನೆಯದನ್ನು ಹಿಡಿಯುತ್ತೇನೆ, ಪಕ್ಕದಲ್ಲಿ ಮೊದಲನೆಯದರ ವಿಐಎಫ್ ಪಟ್ಟಿಯನ್ನೂ ಕೊಡುತ್ತೇನೆ. ಎರಡನೆಯದನ್ನು ಮಲ್ಟಿಕೊಲಿನಿಯಾರಿಟಿಗೆ ಮದ್ದೆಂದು ಬಳಸುವುದಿಲ್ಲ. ಬರೀ ಮುನ್ನಂದಾಜು ಬೇಕಿದ್ದರೆ ಲೆಕ್ಕ ಬೇರೆ: ಆರೂ ಚರಗಳು ಹಿಂದಿನಂತೆಯೇ ಒಟ್ಟಿಗೆ ಸಾಗುವವರೆಗೆ ಮೊದಲ ಮಾಡೆಲ್ ಸಾಕು, ರಿಡ್ಜ್ ಇನ್ನೂ ಸುರಕ್ಷಿತ. ಬೆಲೆ ಏರುತ್ತಾ ಜಿಎನ್‌ಪಿ ಇಳಿಯುವಂಥ ವರ್ಷವೊಂದು ಬಂದರೆ, −0.036 ಮತ್ತು ಅದನ್ನು ಸರಿದೂಗಿಸುತ್ತಿದ್ದ ವರ್ಷದ ಗುಣಾಂಕ ಎರಡೂ ಒಂದೇ ದಿಕ್ಕಿಗೆ ಎಳೆಯತೊಡಗುತ್ತವೆ. ಅಂಥ ವರ್ಷ ಈ ಹದಿನಾರರಲ್ಲಿ 1954 ಒಂದೇ, ಅದರಲ್ಲೂ ಇಳಿತ ಸಣ್ಣದು; ಹಾಗಾಗಿ ಆ ಮುನ್ನಂದಾಜು ಎಷ್ಟು ತಪ್ಪುತ್ತದೆ ಎಂದು 0.9955 ಎಂಬ ಆರ್-ಸ್ಕ್ವೇರ್ ಹೇಳಲಾರದು.