ಫ್ಲ್ಯಾಟ್ ಏಜೆಂಟರ ಪಿಡಿಎಫ್ ನೋಡಿ ಟೋಕನ್ ಕೊಡುವ ಮುಂಚೆ ಒಂದು ಸ್ಕೇಲ್ ತಗೊಳ್ಳಿ

ಬಳ್ಳಾರಿಯಲ್ಲಿ ಈಗ ಸಣ್ಣ ಏಜೆಂಟರೂ ಮನೆ ತೋರಿಸುವ ಮೊದಲು ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸುತ್ತಾರೆ. ಹತ್ತು ಹನ್ನೆರಡು ಪುಟ. ಮೊದಲು ಕಟ್ಟಡದ ಚಿತ್ರ, ಆಮೇಲೆ ಪ್ಲ್ಯಾನ್, ಒಳಗಿನ ಫೋಟೋಗಳು, ಕೊನೆಗೆ ಆಸ್ಪತ್ರೆ, ಶಾಲೆ, ಸ್ಟೇಷನ್ ಎಷ್ಟು ದೂರ ಅನ್ನುವ ಪುಟ. ನೋಡೋಕೆ ಚೆನ್ನಾಗೇ ಇರುತ್ತದೆ. ಅಂಥದ್ದೇ ಒಂದು ಪಿಡಿಎಫ್‌ನಿಂದ ನಮ್ಮ ಮನೆಯವರು 25,000 ರೂಪಾಯಿ ಟೋಕನ್ ಕೊಟ್ಟು ಸಿಕ್ಕಿಕೊಂಡರು. ಏಜೆಂಟ್ ಯಾರು, ಕಟ್ಟಡ ಯಾವುದು ಅಂತ ಹೇಳುವುದಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ನಮ್ಮದು ಸಿರುಗುಪ್ಪ ಕಡೆ. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ವೀಲ್‌ಚೇರ್. ಆಸ್ಪತ್ರೆಗೆ ಹತ್ತಿರ ಇರಲಿ ಅಂತ ಬಳ್ಳಾರಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಹುಡುಕುತ್ತಿದ್ದೆವು. ಅಪ್ಪನ ರೂಮಿನಿಂದ ಬಾತ್‌ರೂಮಿಗೆ ವೀಲ್‌ಚೇರ್ ಹೋಗಬೇಕು, ಅಷ್ಟೇ ನಮ್ಮ ಮುಖ್ಯ ಷರತ್ತು. ಮಾಮೂಲಿ ವೀಲ್‌ಚೇರ್ ಸುಮಾರು ಎರಡು ಅಡಿ ಅಗಲ, ಮೂರೂವರೆ ಅಡಿ ಉದ್ದ ಇರುತ್ತದೆ. ನೇರ ಹೋಗೋಕೆ ಮೂರು ಅಡಿ ಪ್ಯಾಸೇಜ್ ಸಾಕು. ಆದರೆ ಪ್ಯಾಸೇಜಿನಿಂದ ಪಕ್ಕದ ಬಾತ್‌ರೂಮ್ ಬಾಗಿಲಿಗೆ ತಿರುಗಿಸಬೇಕಾದರೆ ಮೂರು ಅಡಿಯಲ್ಲಿ ಆಗುವುದಿಲ್ಲ. ನಾಲ್ಕು ಅಡಿ ಇದ್ದರೆ ಹೇಗೋ ಮಾಡಬಹುದು.

ಪಿಡಿಎಫ್‌ನ ಪ್ಲ್ಯಾನ್‌ನಲ್ಲಿ ದೊಡ್ಡ ರೂಮುಗಳಿಗೆ ಮಾತ್ರ ಅಳತೆ ಬರೆದಿದ್ದರು. ಪ್ಯಾಸೇಜಿಗೆ ಇಲ್ಲ. ಏಜೆಂಟರನ್ನು ಕೇಳಿದರೆ "ಆರಾಮಾಗಿ ಹೋಗ್ತೈತಿ ಸಾರ್, ಪ್ಲ್ಯಾನ್‌ನಾಗೆ ನೋಡ್ರಿ" ಅಂದರು. ಭಾವ ಇಂಥದ್ದರಲ್ಲಿ ಜಾಣ. ಪ್ರಿಂಟ್ ತೆಗೆಸಿ ಸ್ಕೇಲ್ ಇಟ್ಟ. ಬೆಡ್‌ರೂಮಿನ ಹತ್ತು ಅಡಿ ಗೋಡೆ ಕಾಗದದ ಮೇಲೆ 4.5 ಸೆಂಟಿಮೀಟರ್. ಅಂದರೆ ಒಂದು ಅಡಿಗೆ 0.45. ಪ್ಯಾಸೇಜ್ 1.8 ಸೆಂಟಿಮೀಟರ್ ಇತ್ತು. ಲೆಕ್ಕ ಸರಿಯಾಗಿ ನಾಲ್ಕು ಅಡಿಗೆ ಬಂತು. ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆ, ಬೇರೆ ಪಾರ್ಟಿ ರೆಡಿ ಇದ್ದಾರೆ ಅಂತ ಏಜೆಂಟರು ಅವಸರ ಮಾಡಿ ಟೋಕನ್ ಇಸ್ಕೊಂಡರು.

ಬೀಗ ತೆಗೆಸಿ ಟೇಪ್ ಹಿಡಿದರೆ ಪ್ಯಾಸೇಜ್ ಮೂರೇ ಅಡಿ.

ಹಾಗಾದರೆ ಕಾಗದದ ಮೇಲೆ ನಾಲ್ಕು ಅಡಿ ಬಂದದ್ದು ಎಲ್ಲಿಂದ? ಅದೇ ಬೆಡ್‌ರೂಮಿನ ಇನ್ನೊಂದು ಗೋಡೆ, ಅಡ್ಡ ಇರುವುದು, 12 ಅಡಿ ಅಂತ ಬರೆದಿತ್ತು. ಅದು ಕಾಗದದ ಮೇಲೆ 7.2 ಸೆಂಟಿಮೀಟರ್. ಅಂದರೆ ಅಡ್ಡಕ್ಕೆ ಒಂದು ಅಡಿಗೆ 0.6. ಉದ್ದಕ್ಕೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು! ಪ್ಯಾಸೇಜಿನ ಅಗಲವೂ ಅಡ್ಡಕ್ಕೇ ಇತ್ತು. 1.8 ಅನ್ನು 0.6ರಿಂದ ಭಾಗಿಸಿದರೆ ಮೂರು. ಇಡೀ ಪ್ಲ್ಯಾನನ್ನು ಯಾರೋ ಅಡ್ಡಕ್ಕೆ ಎಳೆದು ಹಿಗ್ಗಿಸಿದ್ದಾರೆ.

ಎಷ್ಟು ಹಿಗ್ಗಿಸಿದ್ದಾರೆ ಅಂತ ನೋಡಿದರೆ 0.45ಕ್ಕೆ 0.6, ಅಂದರೆ ಮೂರಕ್ಕೆ ನಾಲ್ಕು. ಪವರ್‌ಪಾಯಿಂಟ್ ಗೊತ್ತಿದ್ದವರಿಗೆ ಈ ಲೆಕ್ಕ ಪರಿಚಿತ. ಹಳೇ ಸ್ಲೈಡ್‌ನ ಆಕಾರ 4:3, ಈಗಿನದು 16:9. ಹಳೇ ಅಳತೆಯ ಚಿತ್ರವನ್ನು ಹೊಸ ಸ್ಲೈಡ್ ತುಂಬುವ ಹಾಗೆ ಅಂಚು ಹಿಡಿದು ಎಳೆದರೆ ಸರಿಯಾಗಿ ಇಷ್ಟೇ ಹಿಗ್ಗುತ್ತದೆ. ಮೂಲೆ ಹಿಡಿದು ಎಳೆದರೆ ಆಕಾರ ಕೆಡುವುದಿಲ್ಲ, ಪಕ್ಕದ ಅಂಚು ಹಿಡಿದರೆ ಕೆಡುತ್ತದೆ. ಪಿಡಿಎಫ್ ಮಾಡಿದ ಹುಡುಗ ಬೇಕಂತ ಮಾಡಿರಲಿಕ್ಕಿಲ್ಲ. ಖಾಲಿ ಜಾಗ ತುಂಬಿಸಿದ್ದಾನೆ. ಆದರೆ ಅದನ್ನೇ ತೋರಿಸಿ "ಪ್ಲ್ಯಾನ್‌ನಾಗೆ ನೋಡ್ರಿ" ಅಂದವರದ್ದು ಮಾತ್ರ ಅಮಾಯಕತನ ಅಂತ ನನಗೆ ಅನಿಸುವುದಿಲ್ಲ.

ಸ್ಕೇಲ್ ಇಲ್ಲದೆಯೂ ಇದನ್ನು ಹಿಡಿಯಬಹುದು. ಪ್ಲ್ಯಾನ್‌ನಲ್ಲಿ ಗುಂಡಗಿನ ವಸ್ತು ಏನಾದರೂ ಇದೆಯಾ ಹುಡುಕಿ. ನಮ್ಮದರಲ್ಲಿ ಗುಂಡು ಊಟದ ಟೇಬಲ್ ಇತ್ತು, ಅದು ಮೊಟ್ಟೆಯಂತೆ ಅಡ್ಡಕ್ಕೆ ಹಿಗ್ಗಿತ್ತು. ಟೇಬಲ್ ಇಲ್ಲದಿದ್ದರೆ ಬಾಗಿಲು ನೋಡಿ. ಬಾಗಿಲು ತೆರೆಯುವ ಕಡೆ ಒಂದು ಕಮಾನು ಗೆರೆ ಹಾಕಿರುತ್ತಾರೆ, ಅದು ವೃತ್ತದ ಕಾಲು ಭಾಗ ಇರಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ ಪ್ಲ್ಯಾನ್ ಎಳೆದದ್ದು ಅಂತ ಅರ್ಥ. ಅಂಥ ಪ್ಲ್ಯಾನ್‌ನ ಮೇಲೆ ಬರೆದ ಅಂಕಿ ಸರಿ ಇದ್ದರೂ ಬರೆಯದೇ ಬಿಟ್ಟದ್ದನ್ನು ಕಣ್ಣಳತೆಯಲ್ಲಿ ಊಹಿಸಬೇಡಿ.

ಇನ್ನೊಂದು ಕೊರತೆ, ಪ್ಲ್ಯಾನ್‌ನಲ್ಲಿ ಉತ್ತರ ದಿಕ್ಕಿನ ಬಾಣವೇ ಇರಲಿಲ್ಲ. ವಾಸ್ತು ಬಿಡಿ, ನಮ್ಮ ಊರಿನ ಬಿಸಿಲಿಗೆ ಇದು ಬೇಕೇ ಬೇಕು. ಹೋಗಿ ನೋಡಿದರೆ ಅಪ್ಪನ ರೂಮಿನ ಹೊರಗೋಡೆ ಪಶ್ಚಿಮಕ್ಕಿತ್ತು. ಏಪ್ರಿಲ್‌ನಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಕಾದ ಗೋಡೆ ರಾತ್ರಿಯೆಲ್ಲ ಒಳಗೆ ಶಾಖ ಬಿಡುತ್ತದೆ.

ಫೋಟೋಗಳ ವಿಷಯ ಬೇಗ ಹೇಳಿಬಿಡ್ತೀನಿ. ಫೋನಿನಲ್ಲಿ 0.5x ಅಂತ ಒತ್ತಿ ಮೂಲೆಯಲ್ಲಿ ನಿಂತು ತೆಗೆದರೆ ಯಾವ ರೂಮಾದರೂ ಮದುವೆ ಹಾಲ್ ಥರ ಕಾಣುತ್ತದೆ. ಅಂಚಿನ ಬಾಗಿಲು, ಕಿಟಕಿ ವಾಲಿಕೊಂಡಿದ್ದರೆ ಅದೇ. ಆಗ ನೆಲದ ಟೈಲ್ಸ್ ಎಣಿಸಿ. ಫ್ಲ್ಯಾಟ್‌ಗಳಲ್ಲಿ ಹೆಚ್ಚಾಗಿ ಎರಡು ಅಡಿಯ ಚೌಕ ಟೈಲ್ಸ್ ಹಾಕಿರುತ್ತಾರೆ. ಗೋಡೆಯಿಂದ ಗೋಡೆಗೆ ಐದು ಬಂದರೆ ಹತ್ತು ಅಡಿ, ಚಿತ್ರ ಏನೇ ಹೇಳಲಿ. ಕಿಟಕಿಯ ಹೊರಗೂ ನೋಡಿ. ನಮಗೆ ಕಳಿಸಿದ ಫೋಟೋದಲ್ಲಿ ಹಾಲ್ ಕಿಟಕಿಯಿಂದ ಬಳ್ಳಾರಿ ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ಮಾರಾಟಕ್ಕಿದ್ದ ಫ್ಲ್ಯಾಟ್ ಮೊದಲನೇ ಮಹಡಿಯದು, ಕಿಟಕಿಗೆ ಎದುರು ಪಕ್ಕದ ಮನೆಯ ಗೋಡೆ. ಫೋಟೋ ಮೇಲಿನ ಯಾವುದೋ ಮಹಡಿಯದು.

ದೂರದ ಪುಟದಲ್ಲಿ ಆಸ್ಪತ್ರೆ 2 ಕಿಲೋಮೀಟರ್ ಅಂತ ಇತ್ತು. ಅದು ಮ್ಯಾಪ್‌ನಲ್ಲಿ ನೇರ ಗೆರೆ ಎಳೆದು ಅಳೆದದ್ದು. ನಡುವೆ ರೈಲು ಹಳಿ ಇದೆ, ಹಳಿ ದಾಟೋಕೆ ಸುತ್ತು ಹಾಕಬೇಕು. ರಸ್ತೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಆಯಿತು. ಇಂಥ ಪುಟ ಬಂದರೆ ಮ್ಯಾಪ್‌ನಲ್ಲಿ ದಾರಿ ಕೇಳಿ ನೋಡಿ, ಅದೂ ಬೆಳಗ್ಗೆ ಟ್ರಾಫಿಕ್ ಇರುವ ಹೊತ್ತಿಗೆ. "ಏರ್‌ಪೋರ್ಟ್ ಹತ್ತಿರ" ಅಂತಲೂ ಬರೆದಿದ್ದರು. ಯಾವುದು ಅಂದರೆ ಚಾಗನೂರಿನದಂತೆ. ಅಲ್ಲಿ ಇನ್ನೂ ಒಂದೂ ವಿಮಾನ ಇಳಿದಿಲ್ಲ!

ವಿಸ್ತೀರ್ಣ 980 ಚದರ ಅಡಿ, ಅಡಿಗೆ 3,500, ಒಟ್ಟು 34,30,000. ಯಾವ ವಿಸ್ತೀರ್ಣ ಅಂತ ಬರೆದಿಲ್ಲ. ಟೇಪ್ ಹಿಡಿದು ಹಾಲ್, ರೂಮು, ಅಡುಗೆಮನೆ, ಬಾತ್‌ರೂಮು, ಪ್ಯಾಸೇಜ್ ಎಲ್ಲ ಕೂಡಿಸಿದರೆ 560. ಒಳಗಿನ ಗೋಡೆಗಳನ್ನೂ ಸೇರಿಸಿದರೆ 600ರ ಆಸುಪಾಸು. ಕಾನೂನಿನಲ್ಲಿ ಕಾರ್ಪೆಟ್ ಏರಿಯಾ ಅನ್ನುವುದು ಇದನ್ನೇ. ಬಾಲ್ಕನಿ, ಹೊರಗೋಡೆ ಅದಕ್ಕೆ ಸೇರುವುದಿಲ್ಲ. ಉಳಿದದ್ದು ಬಾಲ್ಕನಿ, ಮೆಟ್ಟಿಲು, ಲಿಫ್ಟ್ ಎಲ್ಲದರ ಪಾಲು. ಬಳಸುವ ಜಾಗದ ಲೆಕ್ಕ ಹಿಡಿದರೆ ಅಡಿಗೆ 5,700 ದಾಟುತ್ತದೆ.

ಪ್ರತಿ ಪುಟದ ಕೆಳಗೆ "ರೇರಾ ಅನುಮೋದಿತ" ಅಂತ ಒಂದು ನಂಬರ್ ಇತ್ತು. ರೇರಾ ಅಂದರೆ ಬಿಲ್ಡರು, ಏಜೆಂಟರ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ. ಅದರ ನಡುವೆ AG ಅಂತ ಇತ್ತು. ಅದು ಏಜೆಂಟರ ನೋಂದಣಿ. ಕಟ್ಟಡದ ನೋಂದಣಿಯಾದರೆ PR ಇರುತ್ತದೆ. rera.karnataka.gov.in ನಲ್ಲಿ ಯಾರು ಬೇಕಾದರೂ ಹುಡುಕಬಹುದು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಜಾಸ್ತಿ ಫ್ಲ್ಯಾಟ್ ಇರುವ ಹೊಸ ಕಟ್ಟಡವನ್ನು ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತೆಯೇ ಇಲ್ಲ. ನೋಂದಣಿ ಇದ್ದರೆ ಮಂಜೂರಾದ ಪ್ಲ್ಯಾನ್ ಅಲ್ಲೇ ಸಿಗುತ್ತದೆ, ಎಳೆಯದೇ ಇರುವಂಥದ್ದು.

ಟೋಕನ್ ವಾಪಸ್ ಕೇಳಿದಾಗ ಏಜೆಂಟರು ಕೊನೆಯ ಪುಟ ತೋರಿಸಿದರು. "ಚಿತ್ರಗಳು ಕಲ್ಪನೆಗಾಗಿ ಮಾತ್ರ" ಅಂತ ಸಣ್ಣಕ್ಷರದಲ್ಲಿತ್ತು. ಬಹಳ ಓಡಾಡಿದ ಮೇಲೆ 15,000 ಬಂತು. ಉಳಿದದ್ದಕ್ಕೆ "ಆಫೀಸ್ ಖರ್ಚು" ಅಂದರು, ರಸೀದಿಯಲ್ಲಿ ಅದರ ಮಾತೇ ಇರಲಿಲ್ಲ. ನೀವು ಕೊಡುವುದಾದರೆ ರಸೀದಿಯ ಮೇಲೆ ಕಾರ್ಪೆಟ್ ಏರಿಯಾ, ಫ್ಲ್ಯಾಟ್ ನಂಬರ್, ನಿಮಗೆ ಮುಖ್ಯವಾದ ಆ ಒಂದು ಅಳತೆ, ಅದು ತಪ್ಪಿದರೆ ಪೂರ್ತಿ ಹಣ ವಾಪಸ್ ಅನ್ನುವ ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯೋಕೆ ಒಪ್ಪದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.